ಆಕಾಶಕ್ಕೆ ನೀಲಿ ಎಲ್ಲಿಂದ ಬಂತು?

ಹಲಸೂರು ಕೆರೆಯ ದಂಡೆಯಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಕೇಳಿದ: "ಸಾರ್, ಸಮುದ್ರದ ಬಣ್ಣ ಪ್ರತಿಫಲಿಸಿ ಆಕಾಶ ನೀಲಿಯಾಗಿ ಕಾಣುತ್ತದಂತೆ, ನಿಜವೇ?"

"ಸಮುದ್ರ ಇಲ್ಲಿಂದ ಸುಮಾರು 300 ಕಿಲೋಮೀಟರು ದೂರ. ಇಲ್ಲಿರುವುದು ಹಸಿರು ನೀರಿನ ಕೆರೆ. ಹಾಗಾದರೆ ನಮ್ಮ ಆಕಾಶ ಹಸಿರಾಗಬೇಕಿತ್ತಲ್ಲ?" ಎಂದೆ. ಹುಡುಗ ನಕ್ಕ.

ನಿಜವಾದ ಕಾರಣ ಗಾಳಿಯಲ್ಲಿದೆ. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ. ಬೆಳಕು ಅಲೆಗಳ ರೂಪದಲ್ಲಿ ಸಾಗುತ್ತದೆ. ಕೆಂಪಿನ ಅಲೆ ಉದ್ದ, ನೀಲಿಯದು ಗಿಡ್ಡ. ಗಾಳಿಯಲ್ಲಿರುವ ನೈಟ್ರೋಜನ್, ಆಕ್ಸಿಜನ್ ಅಣುಗಳು ಈ ಅಲೆಗಳಿಗಿಂತಲೂ ಬಹಳ ಚಿಕ್ಕವು. ಅವು ಬೆಳಕನ್ನು ಸುತ್ತಲೂ ಚದುರಿಸುತ್ತವೆ. ಅಲೆ ಗಿಡ್ಡವಾದಷ್ಟೂ ಚದುರುವುದು ಹೆಚ್ಚು. ಇದರ ಲೆಕ್ಕವನ್ನು 1871ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರ‍್ಯಾಲೆ ತೋರಿಸಿದರು.

ನೀವೂ ಲೆಕ್ಕ ಮಾಡಿ ನೋಡಿ. ಕೆಂಪಿನ ಅಲೆಯುದ್ದ 650 ನ್ಯಾನೊಮೀಟರು, ನೀಲಿಯದು 450 ಎಂದಿಟ್ಟುಕೊಳ್ಳಿ. ಭಾಗಿಸಿದರೆ ಸುಮಾರು 1.44. ರ‍್ಯಾಲೆಯ ನಿಯಮದಂತೆ ಇದರ ನಾಲ್ಕನೇ ಘಾತ ತೆಗೆದುಕೊಳ್ಳಬೇಕು. 1.44ನ್ನು 1.44ರಿಂದ ಗುಣಿಸಿದರೆ 2.07, ಅದನ್ನು ಮತ್ತೆ ಅದರಿಂದಲೇ ಗುಣಿಸಿದರೆ 4.3. ಅಂದರೆ ಕೆಂಪಿಗಿಂತ ನೀಲಿ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಆದ್ದರಿಂದ ಆಕಾಶದ ಯಾವ ಕಡೆ ನೋಡಿದರೂ ನೀಲಿಯೇ ನಮ್ಮ ಕಣ್ಣಿಗೆ ಬೀಳುತ್ತದೆ.

"ನೇರಳೆಯ ಅಲೆ ಇನ್ನೂ ಗಿಡ್ಡವಲ್ಲವೇ?" ಎಂದು ಜಾಣರು ಕೇಳಬಹುದು. ಹೌದು. ಆದರೆ ಬಿಸಿಲಿನಲ್ಲಿ ನೇರಳೆ ಕಡಿಮೆ, ನಮ್ಮ ಕಣ್ಣಿಗೂ ಅದು ಮಂದವಾಗಿ ಕಾಣುತ್ತದೆ.

ಮನೆಯಲ್ಲೇ ಇದನ್ನು ಪರೀಕ್ಷಿಸಿ. ಗಾಜಿನ ಲೋಟದ ತುಂಬ ನೀರಿಗೆ ಮೂರು ನಾಲ್ಕು ಹನಿ ಹಾಲು ಹಾಕಿ ಕದಡಿ. ಕತ್ತಲ ಕೋಣೆಯಲ್ಲಿ ಒಂದು ಬದಿಯಿಂದ ಟಾರ್ಚ್ ಬಿಡಿ. ಪಕ್ಕದಿಂದ ನೋಡಿದರೆ ನೀರು ತುಸು ನೀಲಿ. ಎದುರು ಬದಿಯಿಂದ ಟಾರ್ಚನ್ನು ನೋಡಿದರೆ ಬೆಳಕು ಹಳದಿ. ನೀಲಿ ದಾರಿಯಲ್ಲೇ ಚದುರಿಹೋಯಿತಲ್ಲ! ಸಂಜೆಯ ಸೂರ್ಯ ಕೆಂಪಾಗುವುದೂ ಹೀಗೆಯೇ. ಆಗ ಬಿಸಿಲು ಗಾಳಿಯಲ್ಲಿ ಬಹಳ ದೂರ ಸಾಗಿ ಬರುತ್ತದೆ. ನೀಲಿ ಕಾಣದೆ ನೀರು ಬರೀ ಬೆಳ್ಳಗಾದರೆ ಹಾಲು ಹೆಚ್ಚಾಯಿತೆಂದು ತಿಳಿಯಿರಿ. ಬೆಳಕು ಮತ್ತೆ ಮತ್ತೆ ಚದುರಿ ಬಣ್ಣಗಳೆಲ್ಲ ಬೆರೆತುಬಿಡುತ್ತವೆ. ಊರಿನ ಧೂಳು, ಹೊಗೆಯ ಕಣಗಳು ಅಣುಗಳಿಗಿಂತ ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸುತ್ತವೆ. ನೆತ್ತಿಯ ಮೇಲೆ ನೀಲಿಯಾಗಿರುವ ಆಕಾಶ ಕೆಳಗಿಳಿದಂತೆ ಬಿಳಿಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಸಮುದ್ರವೇ ಆಕಾಶದಿಂದ ನೀಲಿಯನ್ನು ಸಾಲ ಪಡೆದಿದೆಯೇ? 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಇದನ್ನೇ ಪರೀಕ್ಷಿಸಿದರು. ನಿಕಾಲ್ ಪಟ್ಟಕದ ಮೂಲಕ ನೋಡಿ, ನೀರಿನ ಮೇಲ್ಮೈಯಲ್ಲಿ ಪ್ರತಿಫಲಿಸಿದ ಆಕಾಶದ ಬೆಳಕನ್ನು ತಡೆದರು. ನೀಲಿ ಮಾಯವಾಗಲಿಲ್ಲ, ಇನ್ನೂ ಗಾಢವಾಯಿತು! ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ. ಜೊತೆಗೆ ನೀರು ಕೆಂಪನ್ನು ಹೀರಿಕೊಳ್ಳುತ್ತದೆ. ಈ ದಾರಿಯಲ್ಲೇ ಮುಂದುವರಿದ ರಾಮನ್ 1928ರಲ್ಲಿ ರಾಮನ್ ಪರಿಣಾಮವನ್ನು ಕಂಡುಹಿಡಿದರು. 1933ರಲ್ಲಿ ನಮ್ಮ ಬೆಂಗಳೂರಿಗೆ ಬಂದು ಇಲ್ಲೇ ನೆಲೆಸಿದರು.

ಮಳೆ ನಿಂತ ಮರುದಿನ ಬೆಳಿಗ್ಗೆ ನೆತ್ತಿಯ ಮೇಲಿನ ಆಕಾಶವನ್ನೊಮ್ಮೆ ನೋಡಿ. ಧೂಳು ತೊಳೆದುಹೋಗಿರುತ್ತದೆ. ಆಗ ಕಾಣುವ ನೀಲಿಯೇ ಗಾಳಿಯ ಅಣುಗಳ ಕೆಲಸ.