‘Sad 2’ ಅಂತ ಹೆಸರಿಟ್ಟರೆ ಯಾವ ದುಃಖ ಅಂತ ಹುಡುಕೋದು?

ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್‌ನ ಫೋನಿನಲ್ಲಿ ಮೂರು ಪ್ಲೇಲಿಸ್ಟ್‌ಗಳಿವೆ: Sad, Sad 2, Very sad. ಬೇಕಾದ ಹಾಡು ಎಲ್ಲಿದೆ ಅಂತ ಅವಳಿಗೂ ಗೊತ್ತಾಗುವುದಿಲ್ಲ. ಮನಸ್ಥಿತಿಯನ್ನೇ ಹೆಸರಾಗಿ ಇಟ್ಟರೆ ಇದೇ ಗತಿ. ಹೆಸರಿಡುವಾಗ ಇದ್ದ ಮನಸ್ಸು ಹುಡುಕುವಾಗ ಇರುವುದಿಲ್ಲ. ಆಗ ಎಲ್ಲಿದ್ದೆವು, ಹೊರಗೆ ಏನಾಗುತ್ತಿತ್ತು ಅನ್ನುವುದು ಮಾತ್ರ ಬದಲಾಗುವುದಿಲ್ಲ. ಹೆಸರನ್ನು ಅಲ್ಲಿಂದಲೇ ತೆಗೆದುಕೊಳ್ಳಬೇಕು ಅನ್ನುವುದು ನನ್ನ ವಾದ.

ನಮ್ಮ ನೆಲ್ಯಹುದಿಕೇರಿಯಲ್ಲಿ ಬೇಸಿಗೆಯ ಮೊದಲ ಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಆ ಮಳೆಗೆ ಹೂಮಳೆ ಅಂತಾರೆ. ನನ್ನ ಒಂದು ಪ್ಲೇಲಿಸ್ಟ್‌ನ ಹೆಸರು ‘ಹೂಮಳೆಯ ಒಂಬತ್ತನೇ ದಿನ’. ಅದಕ್ಕೆ ಯಾವ ಹಾಡು ಸೇರಬೇಕು, ಯಾವುದು ಸೇರಬಾರದು ಅಂತ ಹೆಸರೇ ಹೇಳಿಬಿಡುತ್ತದೆ. Sad 2 ಗೆ ಆ ಶಕ್ತಿ ಇಲ್ಲ, ಅಲ್ಲಿ ಯಾವ ಅಳುಹಾಡು ಬೇಕಾದರೂ ನುಗ್ಗಬಹುದು!

ಡೈರಿಗಾದರೆ ಸರಣಿ ಹೆಸರು ಬೇಕು. ರೈತರು ಬಳಸುವ ಮಳೆ ನಕ್ಷತ್ರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ವರ್ಷಕ್ಕೆ ಇಪ್ಪತ್ತೇಳು, ಒಂದೊಂದಕ್ಕೂ ಹದಿಮೂರು–ಹದಿನಾಲ್ಕು ದಿನ. ತೆಳು ನೋಟ್‌ಬುಕ್ಕಿಗೆ ಸರಿಯಾದ ಅಳತೆ. ಮೇ ಕೊನೆಯ ವಾರ ರೋಹಿಣಿ, ಆಮೇಲೆ ಮೃಗಶಿರಾ, ಜೂನ್ ಕೊನೆಗೆ ಆರಿದ್ರಾ. ಫೋನಿನಲ್ಲಿ ಬರೆಯುವವರಿಗೆ ಒಂದು ತೊಡಕಿದೆ: ಅಕ್ಷರ ಕ್ರಮದಲ್ಲಿ ಆರಿದ್ರಾ ಮೊದಲು ಬಂದು, ನಿಜಕ್ಕೂ ಮೊದಲು ಬರುವ ರೋಹಿಣಿ ಕೊನೆಗೆ ಹೋಗುತ್ತದೆ. ಹಾಗಾಗಿ ನಕ್ಷತ್ರದ ಸಂಖ್ಯೆಯನ್ನು ಮುಂದೆ ಹಾಕಿ: ‘04 ರೋಹಿಣಿ’. ಆ ಸೊನ್ನೆ ಬಿಡಬೇಡಿ. ಬಿಟ್ಟರೆ ಎಷ್ಟೋ ಆ್ಯಪ್‌ಗಳು ಹತ್ತನೆಯದಾದ ಮಖಾ ಮಳೆಯನ್ನು ನಾಲ್ಕಕ್ಕಿಂತ ಮುಂಚೆ ನಿಲ್ಲಿಸುತ್ತವೆ. ನಕ್ಷತ್ರ ಪ್ರತಿವರ್ಷ ಮರಳುವುದರಿಂದ ಇಸವಿಯೂ ಬೇಕು.

ಆದರೆ ಕೆಲವು ದಿನಗಳಿಗೆ ನಕ್ಷತ್ರದ ಹೆಸರು ಸಾಲುವುದಿಲ್ಲ. 2019ರ ಆಗಸ್ಟ್‌ನ ಆಶ್ಲೇಷಾ ಮಳೆಯಲ್ಲಿ ಕಾವೇರಿ ನಮ್ಮೂರಿನ ನದಿದಡದ ಮನೆಗಳಿಗೆ ನುಗ್ಗಿದಳು. ಆ ವಾರ ಬರೆದ ಪುಸ್ತಕಕ್ಕೆ ‘ಪ್ರವಾಹ’ ಅಂತ ಇಡಬಹುದಿತ್ತು. ಆ ಹೆಸರು ಪತ್ರಿಕೆಗಳಲ್ಲಿ, ಟಿವಿಯಲ್ಲಿ ಎಲ್ಲರದ್ದೂ ಆಗಿತ್ತು. ನಾನು ಇಟ್ಟಿದ್ದು ‘ಅಟ್ಟದ ಮೇಲೆ ಅಕ್ಕಿ’. ನೀರು ಏರುತ್ತಿದೆ ಅಂದಾಗ ಮನೆಯಲ್ಲಿ ಎಲ್ಲರಿಗಿಂತ ಮೊದಲು ಮೇಲೆ ಹೋದದ್ದು ಅಕ್ಕಿ ಮೂಟೆ. ಈಗ ಆ ಮೂರು ಪದ ಓದಿದರೆ ಸಾಕು, ಒದ್ದೆ ಗೋಣಿಯ ವಾಸನೆ ಸಮೇತ ಆ ರಾತ್ರಿ ಬರುತ್ತದೆ.

ತೀರಾ ಖಾಸಗಿ ಹೆಸರಿಗೆ ಒಂದು ಅಪಾಯವೂ ಇದೆ. ಹತ್ತು ವರ್ಷದ ಮೇಲೆ ‘ಯಾವ ಒಂಬತ್ತನೇ ದಿನ?’ ಅಂತ ನಮಗೇ ಮರೆತುಹೋಗಬಹುದು. ಅದಕ್ಕೆ ಮೊದಲ ಪುಟದಲ್ಲಿ, ಪ್ಲೇಲಿಸ್ಟ್ ಆದರೆ ಅದರ ವಿವರಣೆಯಲ್ಲಿ, ಒಂದು ಸಾಲು ಬರೆದಿಡಿ: ತಾರೀಖು, ಜಾಗ, ಜೊತೆಗಿದ್ದವರು. ಬೇರೆಯವರಿಗೆ ಹೆಸರು ಅರ್ಥವಾಗದಿದ್ದರೆ ಅದು ಲಾಭವೇ. ‘ಅಟ್ಟದ ಮೇಲೆ ಅಕ್ಕಿ’ಯನ್ನು ಅಮ್ಮ ಇವತ್ತಿಗೂ ರೇಷನ್ ಲೆಕ್ಕದ ಪುಸ್ತಕ ಅಂದುಕೊಂಡಿದ್ದಾರೆ.