ಡಾಲರ್ ಸೂಚ್ಯಂಕ ಇಳಿದರೂ ರೂಪಾಯಿ ಏಕೆ ಏರಲಿಲ್ಲ?

2025ರ ಮೊದಲ ಆರು ತಿಂಗಳಲ್ಲಿ ಡಾಲರ್ ಸೂಚ್ಯಂಕವು ಸುಮಾರು 108.5ರಿಂದ 96.9ಕ್ಕೆ, ಅಂದರೆ ಶೇಕಡಾ 10.7ರಷ್ಟು ಕುಸಿಯಿತು. ಅರ್ಧ ಶತಮಾನದಲ್ಲಿ ವರ್ಷದ ಮೊದಲರ್ಧದಲ್ಲಿ ಆ ಸೂಚ್ಯಂಕ ಇಷ್ಟು ಇಳಿದದ್ದು ಅದೇ ಮೊದಲೆಂದು ವಾರ್ತೆಗಳು ಸಾರಿದವು. ಡಾಲರ್ ದುರ್ಬಲವಾಯಿತೆಂದರೆ ರೂಪಾಯಿ ಬಲಗೊಂಡಿತೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ 2024ರ ಕೊನೆಯಲ್ಲಿ ಒಂದು ಡಾಲರಿಗೆ ಸುಮಾರು 85.6 ರೂಪಾಯಿ ಇದ್ದ ದರ, ನಡುವೆ ಏರಿಳಿದರೂ, 2025ರ ಜೂನ್ ಅಂತ್ಯಕ್ಕೆ ಮತ್ತೆ 85.7ರ ಆಸುಪಾಸಿನಲ್ಲೇ ನಿಂತಿತ್ತು. ಅದೇ ವರ್ಷದ ಡಿಸೆಂಬರ್ ಆರಂಭದಲ್ಲಿ ಅದು 90 ರೂಪಾಯಿಯನ್ನೂ ದಾಟಿತು; ಆಗ ಸೂಚ್ಯಂಕ 99ರ ಆಸುಪಾಸಿನಲ್ಲಿತ್ತು. ಡಾಲರ್ ಬಿದ್ದಿತ್ತು, ರೂಪಾಯಿ ಇನ್ನೂ ಕೆಳಗೆ ಬಿದ್ದಿತ್ತು. ಈ ವೈಚಿತ್ರ್ಯದ ಉತ್ತರ ಸೂಚ್ಯಂಕದ ರಚನೆಯಲ್ಲೇ ಅಡಗಿದೆ.

ಗಲ್ಫಿನಿಂದ ಬರುವ ಹಣದಲ್ಲಿ ಸಂಸಾರ ಸಾಗಿಸುವ ಮನೆಗಳು ಕಾಸರಗೋಡಿನಲ್ಲಿ ಅಸಂಖ್ಯ. ಮಗನನ್ನೋ ಮಗಳನ್ನೋ ವಿದೇಶಕ್ಕೆ ಓದಲು ಕಳುಹಿಸಲು ಸಿದ್ಧತೆ ನಡೆಸಿದ ಕುಟುಂಬಗಳೂ ಗಡಿಯುದ್ದಕ್ಕೂ ಇವೆ. ಈ ಎರಡು ಬಗೆಯ ಮನೆಗಳಿಗೂ ಆ ಒಂದು ಅಂಕೆಯನ್ನು ಸರಿಯಾಗಿ ಓದುವುದು ನೇರವಾಗಿ ಹಣದ ಪ್ರಶ್ನೆ.

ಆರು ಕರೆನ್ಸಿಗಳ ಬುಟ್ಟಿ

ಪರದೆಯ ಮೇಲೆ DXY ಎಂದು ಕಾಣುವ ಈ ಸೂಚ್ಯಂಕವು ಡಾಲರಿನ ಮೌಲ್ಯವನ್ನು ಜಗತ್ತಿನ ಎಲ್ಲ ಹಣಗಳೊಂದಿಗೆ ಹೋಲಿಸುವುದಿಲ್ಲ. ಅದು ಹೋಲಿಸುವುದು ಆರರೊಂದಿಗೆ ಮಾತ್ರ. ಒಟ್ಟು ನೂರು ಅಂಶ ತೂಕದಲ್ಲಿ ಯೂರೋವಿಗೆ 57.6, ಜಪಾನಿನ ಯೆನ್‌ಗೆ 13.6, ಬ್ರಿಟಿಷ್ ಪೌಂಡಿಗೆ 11.9, ಕೆನಡಾದ ಡಾಲರಿಗೆ 9.1, ಸ್ವೀಡನ್ನಿನ ಕ್ರೋನಾಕ್ಕೆ 4.2 ಮತ್ತು ಸ್ವಿಸ್ ಫ್ರಾಂಕಿಗೆ 3.6 ದೊರೆತಿವೆ. ರೂಪಾಯಿ ಇದರಲ್ಲಿಲ್ಲ. ಚೀನಾದ ಯುವಾನ್ ಇಲ್ಲ. ಅಮೆರಿಕದೊಂದಿಗೆ ಅತಿ ಹೆಚ್ಚು ವ್ಯಾಪಾರ ನಡೆಸುವ ದೇಶಗಳಲ್ಲೊಂದಾದ ಮೆಕ್ಸಿಕೋದ ಪೆಸೊ ಕೂಡ ಇಲ್ಲ.

ಇಂತಹ ಪಟ್ಟಿ ಹೇಗೆ ಬಂತೆಂಬುದಕ್ಕೆ ಇತಿಹಾಸವೇ ಉತ್ತರ. ಎರಡನೆಯ ಮಹಾಯುದ್ಧದ ನಂತರ ಬಹುತೇಕ ಪ್ರಮುಖ ದೇಶಗಳ ಹಣವು ಡಾಲರಿಗೆ ಸ್ಥಿರ ದರದಲ್ಲಿ ಕಟ್ಟಲ್ಪಟ್ಟಿತ್ತು. ಡಾಲರ್ ಚಿನ್ನಕ್ಕೆ ಕಟ್ಟಲ್ಪಟ್ಟಿತ್ತು. 1971ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ಚಿನ್ನದ ಬಾಗಿಲನ್ನು ಮುಚ್ಚಿದರು. 1973ರ ಮಾರ್ಚ್ ವೇಳೆಗೆ ಪ್ರಮುಖ ದೇಶಗಳ ದರಗಳು ಮಾರುಕಟ್ಟೆಯಲ್ಲಿ ತೇಲತೊಡಗಿದವು. ಆಗ ಡಾಲರ್ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಒಂದೇ ಅಂಕೆಯಲ್ಲಿ ಹೇಳಬೇಕಾದ ಅಗತ್ಯ ಬಿದ್ದಿತು. ಆದ್ದರಿಂದಲೇ ಸೂಚ್ಯಂಕದ ಮೂಲಬಿಂದು 1973ರ ಮಾರ್ಚ್ = 100.

ಮೊದಲು ಬುಟ್ಟಿಯಲ್ಲಿ ಹತ್ತು ಕರೆನ್ಸಿಗಳಿದ್ದವು. ತೂಕಗಳು ಆ ಕಾಲದ ವ್ಯಾಪಾರದ ಸ್ವರೂಪಕ್ಕೆ ಹೊಂದಿಕೆಯಾಗಿದ್ದವು. ಜರ್ಮನಿಯ ಮಾರ್ಕ್ 20.8, ಫ್ರಾನ್ಸಿನ ಫ್ರಾಂಕ್ 13.1, ಇಟಲಿಯ ಲಿರಾ 9.0, ನೆದರ್‌ಲ್ಯಾಂಡ್ಸ್‌ನ ಗಿಲ್ಡರ್ 8.3, ಬೆಲ್ಜಿಯಂನ ಫ್ರಾಂಕ್ 6.4. 1999ರಲ್ಲಿ ಯೂರೋ ಬಂದಾಗ ಈ ಐದೂ ಮರೆಯಾಗಿ ಅವುಗಳ ತೂಕವೆಲ್ಲ ಯೂರೋವಿನ ಹೆಗಲೇರಿತು. ಕೂಡಿಸಿ ನೋಡಿದರೆ ಸರಿಯಾಗಿ 57.6 ಬರುತ್ತದೆ. ಉಳಿದ ಐದು ಕರೆನ್ಸಿಗಳ ತೂಕ ಇದ್ದಂತೆಯೇ ಉಳಿಯಿತು. ಅನಂತರ ಚೀನಾ ಜಗತ್ತಿನ ಕಾರ್ಖಾನೆಯಾಯಿತು, ಮೆಕ್ಸಿಕೋ ಅಮೆರಿಕದ ನೆರೆಮನೆಯ ಅಂಗಡಿಯಾಯಿತು. ತೂಕಗಳು ಮಾತ್ರ ಬದಲಾಗಲಿಲ್ಲ.

ಗುಣಾಕಾರದ ಸರಾಸರಿ

ಲೆಕ್ಕದ ಸೂತ್ರ ಹೀಗಿದೆ:

```
50.14348112 × EURUSD^(-0.576) × USDJPY^(0.136) × GBPUSD^(-0.119)
            × USDCAD^(0.091) × USDSEK^(0.042) × USDCHF^(0.036)
```

ನೋಡಲು ಭಯ ಹುಟ್ಟಿಸಿದರೂ ಪ್ರೌಢಶಾಲೆಯ ಘಾತಾಂಕದ ಪಾಠಕ್ಕಿಂತ ಇದು ಹೆಚ್ಚಿನದಲ್ಲ. ಪ್ರತಿಯೊಂದು ವಿನಿಮಯ ದರವನ್ನು ಅದರ ತೂಕದ ಘಾತಕ್ಕೆ ಏರಿಸಿ, ಎಲ್ಲವನ್ನೂ ಗುಣಿಸಲಾಗುತ್ತದೆ. ಮೊದಲಿನ ದೊಡ್ಡ ಸಂಖ್ಯೆಯ ಕೆಲಸ ಒಂದೇ: 1973ರ ಮಾರ್ಚಿನ ಉತ್ತರ 100 ಆಗುವಂತೆ ಹೊಂದಿಸುವುದು. ಯೂರೋ ಮತ್ತು ಪೌಂಡಿಗೆ ಮಾತ್ರ ಋಣಚಿಹ್ನೆ ಇರುವುದಕ್ಕೂ ಸರಳ ಕಾರಣವಿದೆ. ಅವೆರಡರ ದರವನ್ನು ‘ಒಂದು ಯೂರೋವಿಗೆ ಎಷ್ಟು ಡಾಲರ್’ ಎಂಬ ರೀತಿಯಲ್ಲಿ ಹೇಳುವುದು ವಾಡಿಕೆ. ಉಳಿದ ನಾಲ್ಕನ್ನು ‘ಒಂದು ಡಾಲರಿಗೆ ಎಷ್ಟು ಯೆನ್’ ಎಂಬ ರೀತಿಯಲ್ಲಿ. ಋಣಚಿಹ್ನೆಯು ಈ ತಿರುವನ್ನು ಸರಿಪಡಿಸುತ್ತದೆ.

ಕೂಡಿ ಭಾಗಿಸುವ ಸಾಮಾನ್ಯ ಸರಾಸರಿಯನ್ನು ಏಕೆ ಬಳಸುವುದಿಲ್ಲ? ಸಮಾನ ತೂಕದ ಎರಡೇ ಕರೆನ್ಸಿಗಳಿವೆಯೆಂದು ಊಹಿಸೋಣ. ಒಂದರ ಎದುರು ಡಾಲರ್ ಎರಡು ಪಟ್ಟಾಯಿತು, ಇನ್ನೊಂದರ ಎದುರು ಅರ್ಧವಾಯಿತು. ಎರಡು ಮತ್ತು ಅರ್ಧದ ಸಾಮಾನ್ಯ ಸರಾಸರಿ 1.25, ಡಾಲರ್ ಶೇಕಡಾ 25ರಷ್ಟು ಏರಿತೆಂದು ಅದು ಹೇಳುತ್ತದೆ. ಗುಣಿಸಿ ವರ್ಗಮೂಲ ತೆಗೆದರೆ ಉತ್ತರ 1. ಡಾಲರ್ ಇದ್ದಲ್ಲೇ ಇದೆ. ಲಾಭನಷ್ಟಗಳು ಸರಿತೂಗಿದ ಈ ಪ್ರಸಂಗದಲ್ಲಿ ಎರಡನೆಯದೇ ನ್ಯಾಯವಾದ ಉತ್ತರ. ಗುಣೋತ್ತರ ಸರಾಸರಿಯ ಗುಣ ಅದು.

ಈಗ ತೂಕದ ಪ್ರಭಾವವನ್ನು ನೋಡೋಣ. ಸೂಚ್ಯಂಕ 100ರಲ್ಲಿದ್ದಾಗ ಯೂರೋ ಒಂದೇ ಡಾಲರಿನ ಎದುರು ಶೇಕಡಾ 10 ಏರಿದರೆ ಸೂಚ್ಯಂಕ ಸುಮಾರು 94.7ಕ್ಕೆ ಇಳಿಯುತ್ತದೆ. ಕ್ರೋನಾ ಒಂದೇ ಅಷ್ಟೇ ಏರಿದರೆ ಅದು 99.6ರಲ್ಲಿ ನಿಲ್ಲುತ್ತದೆ. ಏರಿಕೆ ಒಂದೇ, ಪರಿಣಾಮದಲ್ಲಿ ಹದಿಮೂರು ಪಟ್ಟು ಅಂತರ.

2025ರ ಕುಸಿತವನ್ನು ಬಿಡಿಸಿದಾಗ

ಈ ಅಳತೆಗೋಲಿನಿಂದ 2025ರ ಮೊದಲರ್ಧವನ್ನು ಅಳೆಯಬಹುದು. ಆ ಆರು ತಿಂಗಳಲ್ಲಿ ಒಂದು ಯೂರೋವಿನ ಬೆಲೆ ಸುಮಾರು 1.035 ಡಾಲರಿನಿಂದ 1.179ಕ್ಕೆ ಏರಿತು. ಮಾರ್ಚಿನಲ್ಲಿ ಜರ್ಮನಿಯು ಸರ್ಕಾರಿ ಸಾಲದ ಮೇಲಿನ ತನ್ನ ಕಟ್ಟುನಿಟ್ಟನ್ನು ಸಡಿಲಿಸಿ ದೊಡ್ಡ ವೆಚ್ಚಕ್ಕೆ ಮುಂದಾಯಿತು. ಏಪ್ರಿಲಿನಲ್ಲಿ ಅಮೆರಿಕವು ಜಗತ್ತಿನ ಮೇಲೆ ಸುಂಕಗಳನ್ನು ಘೋಷಿಸಿದಾಗ ಹೂಡಿಕೆದಾರರು ಡಾಲರಿನ ಬಗ್ಗೆ ಅಳುಕಿದರು.

ಯೂರೋ ಹೊರತು ಬೇರೆ ಯಾವುದೂ ಅಲುಗದೆ ಇದ್ದಿದ್ದರೆ, 108.5ರಲ್ಲಿದ್ದ ಸೂಚ್ಯಂಕವು ಸುಮಾರು 100.7ಕ್ಕೆ ಇಳಿಯುತ್ತಿತ್ತು. ಯೂರೋ ಅಲುಗದೆ ಉಳಿದ ಐದೂ ಬದಲಾಗಿದ್ದರೆ 104.3ರ ಬಳಿ ನಿಲ್ಲುತ್ತಿತ್ತು. ಅಂದರೆ ಕುಸಿತದ ಸುಮಾರು ಮೂರನೆಯ ಎರಡು ಭಾಗ ಯೂರೋವಿನ ಏರಿಕೆಯ ಕಥೆಯೇ ಆಗಿತ್ತು. ಆ ಅವಧಿಯಲ್ಲಿ ಆರರಲ್ಲಿ ಅತಿ ಹೆಚ್ಚು ಏರಿದ್ದು ಸ್ವೀಡನ್ನಿನ ಕ್ರೋನಾ, ಸುಮಾರು ಶೇಕಡಾ 17. ಆದರೆ ಸೂಚ್ಯಂಕದ ಇಳಿಕೆಗೆ ಅದರ ಕೊಡುಗೆ ಶೇಕಡಾ ಒಂದನ್ನೂ ಮುಟ್ಟಲಿಲ್ಲ. ಓಟದಲ್ಲಿ ಗೆದ್ದವನಿಗಿಂತ ತೂಕ ಹೆಚ್ಚಿರುವವನ ಹೆಜ್ಜೆಯೇ ಇಲ್ಲಿ ನೆಲವನ್ನು ನಡುಗಿಸುತ್ತದೆ.

ಹೀಗಾಗಿ ‘ಡಾಲರ್ ಕುಸಿಯಿತು’ ಎಂಬ ಶೀರ್ಷಿಕೆಯನ್ನು ‘ಯೂರೋ ಏರಿತು’ ಎಂದು ಓದಿದರೆ ಬಹುಪಾಲು ತಪ್ಪಾಗುವುದಿಲ್ಲ. ರೂಪಾಯಿಯನ್ನು ಬೇರೆ ಶಕ್ತಿಗಳು ಎಳೆಯುತ್ತಿದ್ದವು. ಆಗಸ್ಟ್ ಅಂತ್ಯದಿಂದ ಭಾರತದ ಸರಕುಗಳ ಮೇಲೆ ಅಮೆರಿಕ ಶೇಕಡಾ 50ರ ಸುಂಕ ವಿಧಿಸಿತು. ವಿದೇಶಿ ಹೂಡಿಕೆದಾರರು ನಮ್ಮ ಷೇರು ಮಾರುಕಟ್ಟೆಯಿಂದ ಹಣ ಹಿಂತೆಗೆದರು. ಇವು ಯಾವುವೂ ಆ ಆರು ಕರೆನ್ಸಿಗಳ ಲೆಕ್ಕದಲ್ಲಿ ಕಾಣುವಂಥವಲ್ಲ.

ಹಾಗೆಂದು ಸೂಚ್ಯಂಕಕ್ಕೂ ರೂಪಾಯಿಗೂ ಎಂದೂ ಸಂಬಂಧವಿಲ್ಲ ಎನ್ನಲಾಗದು. 2022ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿದರವನ್ನು ರಭಸದಿಂದ ಏರಿಸಿದಾಗ ಸೂಚ್ಯಂಕ ಸೆಪ್ಟೆಂಬರಿನಲ್ಲಿ 114ನ್ನು ದಾಟಿತು, ಯೂರೋ ಒಂದು ಡಾಲರಿಗಿಂತ ಕೆಳಗಿಳಿಯಿತು, ರೂಪಾಯಿಯೂ ಡಾಲರಿಗೆ 81ನ್ನು ದಾಟಿ ಜಾರಿತು. ಕಾರಣ ಅಮೆರಿಕದ್ದೇ ಆದಾಗ ಎಲ್ಲ ಕರೆನ್ಸಿಗಳೂ ಒಂದೇ ದಿಕ್ಕಿಗೆ ಬಾಗುತ್ತವೆ. ಕಾರಣ ಯುರೋಪಿನದೋ ಭಾರತದ್ದೋ ಆದಾಗ ದಾರಿಗಳು ಕವಲೊಡೆಯುತ್ತವೆ.

ಮನೆಯ ಲೆಕ್ಕದಲ್ಲಿ

ಯು.ಎ.ಇ.ಯ ದಿರ್ಹಮ್ 1997ರಿಂದ ಒಂದು ಡಾಲರಿಗೆ 3.6725ರಂತೆ ಸ್ಥಿರವಾಗಿ ಕಟ್ಟಲ್ಪಟ್ಟಿದೆ. ಆದ್ದರಿಂದ ದುಬೈಯಿಂದ ಬರುವ ಹಣಕ್ಕೆ ಸೂಚ್ಯಂಕ ಲೆಕ್ಕಕ್ಕೇ ಇಲ್ಲ. ಡಾಲರ್–ರೂಪಾಯಿ ದರವನ್ನು 3.6725ರಿಂದ ಭಾಗಿಸಿದರೆ ಸಾಕು. 2024ರ ಕೊನೆಯಲ್ಲಿ ಸಾವಿರ ದಿರ್ಹಮಿಗೆ ಸುಮಾರು 23,300 ರೂಪಾಯಿ ಆಗುತ್ತಿತ್ತು. ಡಾಲರ್ 90 ಆದಾಗ 24,500. ಸೂಚ್ಯಂಕದ ಕುಸಿತವನ್ನು ಕಂಡು ‘ಡಾಲರ್ ಇನ್ನೂ ಬೀಳುವ ಮೊದಲೇ ಕಳುಹಿಸಿಬಿಡು’ ಎಂದು ಜೂನಿನಲ್ಲಿ ಅವಸರಪಡಿಸಿದ ಮನೆಗೆ, ಡಿಸೆಂಬರಿನವರೆಗೆ ಕಾದ ಮನೆಗಿಂತ ಕಡಿಮೆ ರೂಪಾಯಿ ದೊರೆಯಿತು.

ಯೂರೋ ಬೇಕಾದ ಮನೆಯ ಕಥೆ ಇದಕ್ಕೆ ಭಿನ್ನ. ಜರ್ಮನಿಗೆ ಓದಲು ಹೋಗುವ ವಿದ್ಯಾರ್ಥಿ ವೀಸಾ ಪಡೆಯಲು ಒಂದು ವರ್ಷದ ಜೀವನವೆಚ್ಚವಾಗಿ 11,904 ಯೂರೋಗಳನ್ನು ನಿರ್ಬಂಧಿತ ಖಾತೆಯಲ್ಲಿ ಇರಿಸಬೇಕಿತ್ತು. 2024ರ ಕೊನೆಯ ದರದಲ್ಲಿ ಅದು ಸುಮಾರು ಹತ್ತೂವರೆ ಲಕ್ಷ ರೂಪಾಯಿ; ಜೂನ್ ಅಂತ್ಯದ ದರದಲ್ಲಿ ಹನ್ನೆರಡು ಲಕ್ಷ. ಡಾಲರ್–ರೂಪಾಯಿ ದರ ಬದಲಾಗಲಿಲ್ಲವೆಂದು ನೆಮ್ಮದಿಯಿಂದಿದ್ದ ಕುಟುಂಬಕ್ಕೆ ಆರು ತಿಂಗಳಲ್ಲಿ ಒಂದೂವರೆ ಲಕ್ಷದ ಹೊರೆ ಬಿತ್ತು. ಇಲ್ಲಿ ಸೂಚ್ಯಂಕ ಮುನ್ನೆಚ್ಚರಿಕೆ ಕೊಟ್ಟಿತ್ತು. ಆದರೆ ಅದು ಯೂರೋವಿನ ಕನ್ನಡಿಯೆಂದು ತಿಳಿದವರಿಗೆ ಮಾತ್ರ.

ಆದ್ದರಿಂದ ಸೂಚ್ಯಂಕದ ಸುದ್ದಿ ಬಂದಾಗ ಮೊದಲು ಆ ದಿನದ ಯೂರೋ–ಡಾಲರ್ ದರವನ್ನು ನೋಡಬೇಕು. ಬದಲಾವಣೆಯ ಬಹುಭಾಗ ಅಲ್ಲೇ ಸಿಗುತ್ತದೆ. ಅನಂತರ ನಮ್ಮ ಮನೆಯ ಹಣ ಯಾವ ಕರೆನ್ಸಿಯಲ್ಲಿದೆಯೋ ಅದರ ರೂಪಾಯಿ ದರವನ್ನು ನೇರವಾಗಿ ನೋಡಬೇಕು. ಡಾಲರಿನ ಒಟ್ಟಾರೆ ಬಲ ತಿಳಿಯಬೇಕಾದರೆ ಫೆಡರಲ್ ರಿಸರ್ವ್ ಪ್ರಕಟಿಸುವ ವಿಶಾಲ ಸೂಚ್ಯಂಕ ಮೇಲು: ಅದರಲ್ಲಿ 26 ಕರೆನ್ಸಿಗಳಿವೆ, ಯುವಾನ್, ಪೆಸೊ, ರೂಪಾಯಿ ಮೂರೂ ಇವೆ, ತೂಕಗಳು ವ್ಯಾಪಾರಕ್ಕೆ ತಕ್ಕಂತೆ ಪ್ರತಿವರ್ಷ ಪರಿಷ್ಕೃತವಾಗುತ್ತವೆ. ರೂಪಾಯಿಯ ಬಲ ತಿಳಿಯಬೇಕಾದರೆ ನಮ್ಮ ರಿಸರ್ವ್ ಬ್ಯಾಂಕ್ 40 ಕರೆನ್ಸಿಗಳ ಎದುರು ಲೆಕ್ಕಹಾಕಿ ಪ್ರಕಟಿಸುವ ಪರಿಣಾಮಕಾರಿ ವಿನಿಮಯ ದರದ ಸೂಚ್ಯಂಕವಿದೆ. ವಾರ್ತೆಗಳಲ್ಲಿ ದಿನವೂ ಮಿನುಗುವ ಆ ಮೂರು ಅಕ್ಷರಗಳು ಇವೆರಡರ ಕೆಲಸವನ್ನೂ ಮಾಡಲಾರವು. 1973ರ ವ್ಯಾಪಾರದ ನಕ್ಷೆಯನ್ನು ಹಿಡಿದು ಅವು ಇಂದಿಗೂ ದಾರಿ ಹೇಳುತ್ತಿವೆ.