ಮಡಿಕೆ ನುಂಗಿದ ಮಹಾಪ್ರಾಣ

ಪುಣೆಯ ಒಂದು ಹವ್ಯಾಸಿ ನಾಟಕ ತಂಡ ರಾಜ್ಯೋತ್ಸವಕ್ಕೆ ಬಿಳಿ ಟೀ-ಶರ್ಟ್ ಮಾಡಿಸುತ್ತಿದೆ ಎಂದುಕೊಳ್ಳಿ. ಎದೆಯ ಮೇಲೆ ಒಂದೇ ಪದ: ‘ಧ್ವನಿ’. ಡಿಸೈನ್ ಮಾಡುವ ಹುಡುಗ ಅದನ್ನು ಮುದುಡಿದ ಅಂಗಿಯ ಫೋಟೋ ಮೇಲೆ ಕೂರಿಸಿ ವಾಟ್ಸಾಪ್ ಗುಂಪಿಗೆ ಕಳಿಸುತ್ತಾನೆ. ಚಿತ್ರ ನಿಜವಾದ ಅಂಗಿಯಂತೆಯೇ ಇದೆ. ಆದರೆ ಮೊದಲ ಉತ್ತರ ಹಿರಿಯರೊಬ್ಬರಿಂದ: ‘ಏನಪ್ಪಾ, ದ್ವನಿ ಅಂತ ಬರೆದಿದ್ದೀಯಲ್ಲ, ಹೊಟ್ಟೆ ಸೀಳೋದು ಮರೆತೆಯಾ?’ ಹುಡುಗ ಮರೆತಿರಲಿಲ್ಲ. ಸೀಳನ್ನು ಮಡಿಕೆ ನುಂಗಿತ್ತು.

ತಪ್ಪು ಎಲ್ಲಾಯಿತೆಂದು ತಿಳಿಯಲು ಈ ಕೆಲಸದ ಒಳಗನ್ನು ನೋಡಬೇಕು. ಅಂಗಿಯ ಫೋಟೋವನ್ನು ಕಪ್ಪು-ಬಿಳುಪು ಮಾಡಿ, ನೂಲಿನ ನೇಯ್ಗೆ ಕಾಣದಷ್ಟು ತುಸು ಮಬ್ಬು ಮಾಡಿ, ಬೇರೆ PSD ಕಡತವಾಗಿ ಉಳಿಸಿಕೊಳ್ಳುತ್ತಾರೆ. ಇದೇ ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್. ಲೋಗೊವನ್ನು ಅಂಗಿಯ ಮೇಲೆ ಅದರ ಜಾಗದಲ್ಲಿಟ್ಟು, ಫೋಟೋಶಾಪಿನ Filter > Distort > Displace ತೆರೆದು, ಆ ಕಡತವನ್ನು ತೋರಿಸುತ್ತಾರೆ. ಮ್ಯಾಪಿನಲ್ಲಿ ನಟ್ಟನಡುವಿನ ಬೂದು, ಅಂದರೆ 128, ಇದ್ದಲ್ಲಿ ಲೋಗೊ ಕದಲುವುದಿಲ್ಲ. ಅದಕ್ಕಿಂತ ಬೆಳಕಿದ್ದರೆ ಒಂದು ಕಡೆಗೆ, ಕತ್ತಲಿದ್ದರೆ ಎದುರು ಕಡೆಗೆ ಸರಿಯುತ್ತದೆ.

ಇಲ್ಲೇ ಮೊದಲ ಎಡವಟ್ಟು. ಫಿಲ್ಟರಿಗೆ ಬಟ್ಟೆಯ ಉಬ್ಬುತಗ್ಗು ಗೊತ್ತಿಲ್ಲ, ಬೆಳಕು ಮಾತ್ರ ಗೊತ್ತು. ಅಂಗಿಯ ಮೇಲೊಂದು ಕಲೆಯಿದ್ದರೆ, ಪಟ್ಟೆಯಿದ್ದರೆ ಅದನ್ನೂ ಮಡಿಕೆಯೆಂದೇ ಓದುತ್ತದೆ. ನೇರ ಎದುರಿನಿಂದ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ನೆರಳು ಬಿದ್ದಿರುವುದಿಲ್ಲ, ಹಾಗಾಗಿ ನಿಜವಾದ ಮಡಿಕೆಯೂ ಅದಕ್ಕೆ ಕಾಣದು. ಕಂಡುಹಿಡಿಯುವ ಸುಲಭ ದಾರಿ ಒಂದಿದೆ: ಲೋಗೊಗೆ ಮೊದಲು ನೇರ ಗೆರೆಗಳ ಚೌಕಳಿಯೊಂದಕ್ಕೆ ಇದೇ ಫಿಲ್ಟರ್ ಹಾಕಿ ನೋಡುವುದು. ಮಡಿಕೆಯಿಲ್ಲದ ಕಡೆ ಗೆರೆ ಬಾಗಿದರೆ ಮ್ಯಾಪ್ ಸರಿಯಿಲ್ಲ.

ಎರಡನೆಯದು ಸ್ಕೇಲ್. ಫಿಲ್ಟರ್ ತಾನಾಗಿ ಕೊಡುವ ಸಂಖ್ಯೆ ಅಡ್ಡಕ್ಕೂ ಉದ್ದಕ್ಕೂ 10. ಆಗ ಅತಿ ಹೆಚ್ಚೆಂದರೆ ಸುಮಾರು 13 ಪಿಕ್ಸೆಲ್ ಸರಿತ. ‘ಧ’ದ ಕೆಳಗೆ ಒಂದು ಮಡಿಕೆ ಹಾಯುತ್ತಿದೆ, ಅದರ ಒಂದು ಮಗ್ಗುಲು 170ರಷ್ಟು ಬೆಳಕು, ಇನ್ನೊಂದು 90ರಷ್ಟು ಕತ್ತಲು ಎನ್ನೋಣ. ಒಂದು ಮಗ್ಗುಲು ನಾಲ್ಕು ಪಿಕ್ಸೆಲ್ ಈಚೆ, ಇನ್ನೊಂದು ನಾಲ್ಕು ಪಿಕ್ಸೆಲ್ ಆಚೆ ಹೋಗುತ್ತದೆ. ನಡುವೆ ಒಟ್ಟು ಎಂಟು ಪಿಕ್ಸೆಲ್ ವ್ಯತ್ಯಾಸ. ಸೀಳುಗೆರೆಯ ದಪ್ಪವೇ ಆರು ಪಿಕ್ಸೆಲ್ ಆಗಿದ್ದರೆ ಅದು ತುಂಡಾಗದೆ ಇನ್ನೇನು? ದಪ್ಪ ರೋಮನ್ ಅಕ್ಷರ ಇಷ್ಟನ್ನು ತಡೆದುಕೊಳ್ಳುತ್ತದೆ. ಕನ್ನಡದಲ್ಲಿ ದ-ಧಗಳನ್ನು ಬೇರೆ ಮಾಡುವುದೇ ಆ ಒಂದು ಗೀಟು. ಅದು ಹೋದರೆ ‘ಧನ’ ಹೋಗಿ ‘ದನ’ ಬರುತ್ತದೆ.

ಸ್ಕೇಲನ್ನು 5ಕ್ಕೆ ಇಳಿಸಿದರೆ ವ್ಯತ್ಯಾಸ ನಾಲ್ಕು ಪಿಕ್ಸೆಲ್. ಗೆರೆ ಕೊಂಕುತ್ತದೆ, ಕಡಿಯುವುದಿಲ್ಲ. ಅಂಗಿ ಆಗ ಸಪ್ಪೆ ಕಾಣುತ್ತದೆ ಎಂಬ ಭಯ ಬೇಡ. ಕಣ್ಣು ಮಡಿಕೆಯನ್ನು ನಂಬುವುದು ಬಹುಮಟ್ಟಿಗೆ ನೆರಳಿನಿಂದ. ಬಿಳಿ ಅಂಗಿಯ ಮೇಲಿನ ಗಾಢ ಬಣ್ಣದ ಲೋಗೊವನ್ನು Multiply ಮಾಡಿದರೆ ಬಟ್ಟೆಯ ನೆರಳೇ ಅಕ್ಷರದ ಮೇಲೆ ಹಾಯುತ್ತದೆ. ಕಪ್ಪು ಅಂಗಿಯ ಬಿಳಿ ಲೋಗೊಗೆ ಮಾತ್ರ ಇದು ಒಗ್ಗದು, ಲೋಗೊವೇ ಮಾಯವಾಗುತ್ತದೆ. ಅಲ್ಲಿ ನೆರಳನ್ನು ಬೇರೆ ಪದರವಾಗಿ ಮೇಲೆ ಹಾಕಬೇಕು. ಇಷ್ಟಾದರೂ ಸೀಳು ಉಳಿಯದಿದ್ದರೆ, ಮ್ಯಾಪಿನಲ್ಲಿ ಅದೊಂದು ಜಾಗಕ್ಕೆ ಮೃದುವಾದ ಕುಂಚದಿಂದ ನಡುಬೂದು ಬಳಿದರಾಯಿತು.

ಇದು ಮೋಸವಲ್ಲವೇ, ನಿಜವಾದ ಅಂಗಿಯಲ್ಲೂ ಅಕ್ಷರ ಮಡಿಕೆಯಲ್ಲಿ ಮುಚ್ಚಿಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಮುಚ್ಚಿಹೋಗುತ್ತದೆ, ನಿಜ. ಆದರೆ ತೊಟ್ಟವರು ಅಲುಗಿದರೆ ಮತ್ತೆ ತೆರೆದುಕೊಳ್ಳುತ್ತದೆ. ಚಿತ್ರದ ಮಡಿಕೆ ಅಲುಗುವುದಿಲ್ಲ, ಒಪ್ಪಿಗೆ ಕೊಡುವವರು ನೋಡುವುದು ಅದೊಂದನ್ನೇ.

ಇದಕ್ಕಿಂತ ದೊಡ್ಡ ಅಪಾಯ ತಿರುವುಮುರುವಾದದ್ದು. ಮೂಲ ಲೋಗೊದಲ್ಲೇ ಸೀಳು ಬಿಟ್ಟುಹೋಗಿದ್ದು, ‘ಮಡಿಕೆಯಲ್ಲಿ ಸಿಕ್ಕಿರಬೇಕು ಬಿಡಿ’ ಎಂದು ಎಲ್ಲರೂ ಒಪ್ಪಿಬಿಟ್ಟರೆ ಐವತ್ತು ಅಂಗಿಗಳ ಮೇಲೆ ‘ದ್ವನಿ’ ಅಚ್ಚಾಗಿ ಬರುತ್ತದೆ. ಆದ್ದರಿಂದ ಮುದುಡಿದ ಅಂಗಿಯ ಚಿತ್ರದ ಪಕ್ಕದಲ್ಲೇ ಸಪಾಟು ಲೋಗೊವನ್ನೂ ಕಳಿಸಲೇಬೇಕು. ಅಂಗಿ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಚಿತ್ರ, ಕಾಗುಣಿತಕ್ಕೆ ಇನ್ನೊಂದು. ಪ್ರೆಸ್ಸಿಗೆ ಹೋಗುವುದು ಹೇಗೂ ಎರಡನೆಯದೇ.